ಶುಕ್ರವಾರದ ಹೆಬ್ಬೆರಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಗೂ ಜನರೇಟರ್ ಕೋಣೆಗೂ ನಡುವೆ, ಆಪರೇಷನ್ ಉಪಕರಣಗಳನ್ನು ಹಬೆಯಲ್ಲಿಟ್ಟು ಶುದ್ಧಮಾಡುವ ವಿಭಾಗವಿತ್ತು. ಅದರ ಮೇಲ್ವಿಚಾರಕಿಯನ್ನು ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಹಬೆಯಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿನಿಂದ ಅವಳಿಗೆ ಬೇಸರವೇನೂ ಆಗಿರಲಿಲ್ಲ. ಅಮ್ಮ ಎಂದು ಕರೆಸಿಕೊಳ್ಳಲು ಅವಳಿಗಿದ್ದ ಜಾಗಗಳೇ ಕಡಿಮೆ.

ಅವಳು ರಾಜೀನಾಮೆ ಕೊಟ್ಟಾಗಿತ್ತು. ಮೂರು ತಿಂಗಳ ನೋಟಿಸ್. ಅವಳ ಜಾಗಕ್ಕೆ ಬಂದ ಹೊಸಬಳಿಗೆ ಕೆಲಸ ಕಲಿಸಿ, ಬೀಗದ ಕೈ ಒಪ್ಪಿಸಿ ಹೊರಡಬೇಕಿತ್ತು.

"ಈ ಟೇಪ್ ನೋಡು," ಎಂದು ಅವಳು ಬಟ್ಟೆಯ ಗಂಟೊಂದನ್ನು ತಿರುಗಿಸಿ ತೋರಿಸಿದಳು. ಗಂಟಿನ ಮೇಲೆ ಅಂಟಿಸಿದ ಟೇಪಿನ ಗೆರೆಗಳು ಕಪ್ಪಾಗಿದ್ದವು. "ಗೆರೆ ಕಪ್ಪಾಯ್ತು ಅಂದ್ರೆ ಗಂಟು ಯಂತ್ರದೊಳಗೆ ಹೋಗಿ ಬಂದಿದೆ ಅಂತ. ಅಷ್ಟೇ. ಒಳಗಿರೋ ಕತ್ತರಿಗೆ ಹಬೆ ಮುಟ್ಟಿತಾ ಇಲ್ವಾ ಅಂತ ಇದು ಹೇಳಲ್ಲ. ಅದಕ್ಕೇ ಒಳಗೆ ಇನ್ನೊಂದು ಪಟ್ಟಿ ಇಡೋದು. ಹೊರಗಿಂದು ನಂಬಿ ಕೂತ್ರೆ ರೋಗಿ ಹೊಟ್ಟೆ ಕೀವಾಗತ್ತೆ."

"ಒಳಗಿಂದು ಬಿಚ್ಚಿದ್ಮೇಲೆ ತಾನೇ ಕಾಣ್ಸೋದು?" ಎಂದಳು ಹೊಸಬಳು.

"ಅದಕ್ಕೇ ಭಯ ಇಟ್ಕೊಂಡು ಕೆಲಸ ಮಾಡ್ಬೇಕು."

"ಇವಳಿಗೆ ಆ ಭಯ ಜಾಸ್ತಿ ಇದೆ. ಸ್ವಲ್ಪ ನಿಂಗೂ ಕೊಟ್ಟು ಹೋಗ್ತಾಳೆ, ತಗೋ," ಎಂದಿತು ಮೂಲೆಯಿಂದ ಒಂದು ದನಿ. ಅದು ಗಂಟಿನಕ್ಕನದು. ಬಟ್ಟೆ ಮಡಚಿ ಗಂಟು ಕಟ್ಟುವುದರಲ್ಲೇ ತಲೆ ನರೆತ ಹೆಂಗಸು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು.

ಹಬೆಯಮ್ಮನಿಗೆ ಭಯ ಹೊಸದಲ್ಲ. ಗಂಡ ತೀರಿಕೊಂಡಾಗ ಮಗಳಿನ್ನೂ ತೊದಲುಮಾತಿನ ಕೂಸು. ಇಲ್ಲಿ ಪಾಳಿ ವಾರವಾರ ಬದಲಾಗುತ್ತಿತ್ತು. ಒಂದು ವಾರ ಹಗಲು, ಒಂದು ವಾರ ಸಂಜೆ, ಒಂದು ವಾರ ರಾತ್ರಿ. ಮಗುವನ್ನು ಯಾರ ಕೈಗೆ ಕೊಡುವುದು? ಊರಿನ ಇನ್ನೊಂದು ತುದಿಯಲ್ಲಿದ್ದ ಒಡಹುಟ್ಟಿದ ಅಕ್ಕ, "ನನ್ನ ಹತ್ರ ಇರ್ಲಿ ಬಿಡೇ, ನಿನ್ನ ಪಾಳಿ ಸರಿಹೋಗೋವರೆಗೆ," ಎಂದಿದ್ದಳು. ಪಾಳಿ ಸರಿಹೋಗಲೇ ಇಲ್ಲ. ಮಕ್ಕಳಿಲ್ಲದ ಅಕ್ಕ ಕೂಸನ್ನು ಕಣ್ಣರೆಪ್ಪೆಯಂತೆ ಸಾಕಿದಳು. ಮಗು ಅವಳನ್ನು ಮೊದಮೊದಲು ದೊಡ್ಡಮ್ಮ ಎನ್ನುತ್ತಿತ್ತು. ಈಚೆಗೆ 'ದೊಡ್ಡ' ಎಂಬುದು ಯಾವಾಗಲೋ ಉದುರಿಹೋಗಿತ್ತು. ಯಾರೂ ಉದುರಿಸಿದ್ದಲ್ಲ, ಹಾಲುಹಲ್ಲಿನಂತೆ ತಾನಾಗಿ ಬಿದ್ದದ್ದು.

ಈಗ ಭಾವನಿಗೆ ವರ್ಗವಾಗಿತ್ತು, ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂರಬೇಕಾದಷ್ಟು ದೂರಕ್ಕೆ. ಶಾಲೆ ಶುರುವಾಗುವ ಮೊದಲು ಅವರು ಹೊರಡಬೇಕು. ಹಬೆಯಮ್ಮನಿಗೆ ಅಷ್ಟರೊಳಗೆ ಹಗಲಿನ ಕೆಲಸ ಸಿಕ್ಕರೆ ಮಗಳು ಅವಳ ಬಳಿಗೆ ಬರುತ್ತಾಳೆ. ಇಲ್ಲವಾದರೆ ಅಕ್ಕನ ಜೊತೆ ರೈಲು ಹತ್ತುತ್ತಾಳೆ.

ಕೆಲಸ ಸಿಕ್ಕಿತ್ತು. ಊರಾಚೆ ಕಟ್ಟುತ್ತಿದ್ದ ಹೊಸ ಆಸ್ಪತ್ರೆಯಲ್ಲಿ ಇದೇ ವಿಭಾಗದ ಮುಖ್ಯಸ್ಥೆ. ಹಗಲು ಪಾಳಿ ಮಾತ್ರ. ಇದನ್ನು ಕುದುರಿಸಿಕೊಟ್ಟವನು ಆಸ್ಪತ್ರೆಗಳಿಗೆ ಜನ ಹುಡುಕಿಕೊಡುವ ಏಜೆನ್ಸಿಯೊಂದರ ಹುಡುಗ. ಗಂಟಿನಕ್ಕ ಅವನಿಗೆ ದಲ್ಲಾಳಿ ಎಂದು ಹೆಸರಿಟ್ಟಿದ್ದಳು. ಅವನೇನೂ ಕೆಟ್ಟವನಲ್ಲ. ಆಫರ್ ಲೆಟರ್ ಬಂದ ದಿನ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದ:

"ಮೇಡಂ, ಮೂರು ತಿಂಗಳು ಅಂದ್ರೆ ದೊಡ್ಡ ಗ್ಯಾಪ್. ಈ ಗ್ಯಾಪಲ್ಲೇ ಎಲ್ಲಾ ಕೆಡೋದು. ಕ್ಯಾಂಡಿಡೇಟ್ ಸುಮ್ಮನಾದ್ರೆ ಆಸ್ಪತ್ರೆಯವರು, ಹಳೇ ಕಡೆ ಸಂಬಳ ಜಾಸ್ತಿ ಮಾಡಿ ಉಳಿಸ್ಕೊಂಡ್ರೇನೋ ಅಂತ ಅನುಮಾನ ಪಡ್ತಾರೆ. ಆಮೇಲೆ ಎರಡನೇ ಹೆಸರು ನೋಡ್ತಾರೆ. ಅದಕ್ಕೆ ಪ್ರತಿ ಶುಕ್ರವಾರ ನಂಗೊಂದು ಮೆಸೇಜ್ ಹಾಕಿ. ರಾಜೀನಾಮೆ ಒಪ್ಪಿದ್ರು, ಚಾರ್ಜ್ ಕೊಡ್ತಿದೀನಿ, ಕೊನೇ ದಿನ ಇಂಥದ್ದು ಅಂತ. ನಾನು ಅಲ್ಲಿಗೆ ಮುಟ್ಟಿಸ್ತೀನಿ."

"ನಾನೇ ಅಲ್ಲಿನ ಎಚ್‌ಆರ್‌ಗೆ ಒಂದು ಮಾತು ಹೇಳ್ಲಾ ಸರ್?"

"ಬೇಡ ಮೇಡಂ. ಈಗಲೇ ನೀವು ನೇರವಾಗಿ ಹೋದ್ರೆ ನಮ್ಮ ಆಫೀಸಲ್ಲಿ ಗಲಾಟೆ ಆಗತ್ತೆ. ಏನಿದ್ರೂ ನನ್ನ ಮೂಲಕ."

ಅವಳು ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪ್ರತಿ ಶುಕ್ರವಾರ ಊಟದ ಬಿಡುವಿನಲ್ಲಿ ಲಾಕರಿನಿಂದ ಫೋನ್ ತೆಗೆದು, ಬರೆದು, ಅಳಿಸಿ, ಮತ್ತೆ ಬರೆದು ಕಳಿಸುತ್ತಿದ್ದಳು. ಹೆಚ್ಚು ಬರೆದರೆ ಗೋಗರೆದಂತೆ. ಕಡಿಮೆ ಬರೆದರೆ ಉದಾಸೀನ ಮಾಡಿದಂತೆ. 'ನಮಸ್ಕಾರ ಸರ್. ರಾಜೀನಾಮೆ ಅಂಗೀಕಾರವಾಗಿದೆ. ಪತ್ರ ಲಗತ್ತಿಸಿದ್ದೇನೆ. ಹೇಳಿದ ದಿನವೇ ಸೇರುವೆ.' ಮೊದಮೊದಲು ಅವನಿಂದ ಉತ್ತರ ಬರುತ್ತಿತ್ತು: 'ತುಂಬಾ ಒಳ್ಳೇದು ಮೇಡಂ, ಅವರಿಗೆ ತಿಳಿಸಿದೆ. ಯಂತ್ರಗಳು ಬರೋದು ಸ್ವಲ್ಪ ತಡವಂತೆ, ಗಾಬರಿ ಬೇಡ.' ಆಮೇಲೆ 'ಓಕೆ ಮೇಡಂ'. ಆಮೇಲೆ ಬರೀ ಹೆಬ್ಬೆರಳ ಚಿತ್ರ, ಮೇಲಕ್ಕೆತ್ತಿದ್ದು, ಹಳದಿ ಬಣ್ಣದ್ದು.

"ಏನಂತೆ ನಿನ್ನ ದಲ್ಲಾಳಿ?" ಗಂಟಿನಕ್ಕ ಊಟದ ಡಬ್ಬಿಯಿಂದ ತಲೆಯೆತ್ತದೆ ಕೇಳಿದಳು.

"ಸರಿ ಅಂದಿದಾನೆ."

"ಅಂದಿದಾನೋ, ತೋರ್ಸಿದಾನೋ?"

ಹಬೆಯಮ್ಮ ಫೋನ್ ತೋರಿಸಿದಳು. ಗಂಟಿನಕ್ಕ ಕನ್ನಡಕ ಮೇಲಕ್ಕೇರಿಸಿ ನೋಡಿದಳು. "ಸಂಬಂಧ ಕುದುರಿ ಮದುವೆ ಆಗೋವರೆಗಿನ ದಿನಗಳು ಕಣೇ ಇವು. ಹುಡುಗನ ಮನೇವರ ದನಿ ಆಗಾಗ ಕಿವಿಗೆ ಬೀಳ್ತಿರಬೇಕು. ನಮ್ಮಪ್ಪ ಬೆರಳು ನೋಡ್ಕೊಂಡು ಕೂತಿದ್ರೆ ನನ್ನನ್ನ ಯಾರೂ ಕಟ್ಕೊಳ್ತಿರಲಿಲ್ಲ."

"ಕಟ್ಕೊಂಡು ಏನು ಸುಖ ಪಟ್ಟೆ?"

"ಅದು ಬೇರೆ ಮಾತು. ಫೋನ್ ಮಾಡು ಅವನಿಗೆ."

"ಕೆಲಸದ ಮಧ್ಯೆ ಪೀಡಿಸಿದ್ರೆ, ಇವಳೇನು ಇಷ್ಟು ಗಾಬರಿಗೆಟ್ಟೋಳು ಅನ್ಕೊಳ್ಳಲ್ವಾ? ಉತ್ತರ ಅಂತೂ ಬರ್ತಿದೆಯಲ್ಲ."

ನಿಜವಾಗಿ ಅವಳಿಗೆ ಫೋನಿನ ದನಿಗೇ ಹೆದರಿಕೆ. ಬರೆದ ಮಾತನ್ನು ಅಳಿಸಬಹುದು. ಬಾಯಿಂದ ಬಿದ್ದದ್ದನ್ನು ಹೆಕ್ಕಿಕೊಳ್ಳುವುದು ಹೇಗೆ? ಆ ಹಳದಿ ಹೆಬ್ಬೆರಳು ಬಂದ ಕೂಡಲೇ ಎದೆ ಹಗುರಾಗುತ್ತಿತ್ತು. ಮುಂದಿನ ಶುಕ್ರವಾರದವರೆಗೆ ಅಷ್ಟು ಸಾಕು.

ಭಾನುವಾರ ಅಕ್ಕನ ಮನೆಗೆ ಹೋದಾಗ ಹಜಾರದಲ್ಲಿ ರಟ್ಟಿನ ಪೆಟ್ಟಿಗೆಗಳು ಎದ್ದಿದ್ದವು. ಭಾವ ಪುಸ್ತಕಗಳನ್ನು ಹಗ್ಗದಲ್ಲಿ ಬಿಗಿಯುತ್ತಿದ್ದ. ಮಗಳು ಪೆಟ್ಟಿಗೆಯೊಂದರಲ್ಲಿ ಕೂತು, "ನಾನೂ ಸಾಮಾನು, ನನ್ನನ್ನೂ ಕಟ್ಟಿ," ಎಂದು ನಗುತ್ತಿದ್ದಳು. ಹಬೆಯಮ್ಮನನ್ನು ಕಂಡು ನಗು ಸ್ವಲ್ಪ ತಗ್ಗಿಸಿದಳು, ಮನೆಗೆ ಬಂದ ಹಿರಿಯರ ಮುಂದೆ ಮಕ್ಕಳು ತಗ್ಗಿಸುವ ಹಾಗೆ.

ಅಕ್ಕ ಅವಳನ್ನು ಅಡುಗೆಮನೆಗೆ ಕರೆದಳು. "ನೋಡೇ, ಬಾಯಿಬಿಟ್ಟು ಕೇಳ್ತೀನಿ, ತಪ್ಪು ತಿಳೀಬೇಡ. ಅಲ್ಲಿನ ಶಾಲೆಯವರು ಸೀಟು ಇಟ್ಕೊಂಡಿದಾರೆ. ಬೇಡ ಅಂದ್ರೆ ಈಗಲೇ ಹೇಳ್ಬೇಕು. ನಿನ್ನ ಕೆಲಸ ಖಾತ್ರೀನಾ?"

"ಖಾತ್ರಿ ಅಕ್ಕ. ಆಫರ್ ಲೆಟರ್ ಇದೆ. ಪ್ರತಿ ವಾರ ಮಾತುಕತೆ ನಡೀತಿದೆ."

"ಮಾತುಕತೆ ಅಂದ್ರೆ?"

"ಮೆಸೇಜು."

ಅಕ್ಕ ತುಪ್ಪದ ಮಿಳ್ಳೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿದಳು. "ನಂಗೆ ಅವಳನ್ನ ಬಿಟ್ಟಿರೋಕಾಗಲ್ಲ, ಅದು ಬೇರೆ. ಆದ್ರೆ ನಿನ್ನ ಕೂಸು. ನೀನು ಕರ್ಕೊಂಡ್ರೆ ನಾನು ಅತ್ತು ಸುಮ್ಮನಾಗ್ತೀನಿ. ಅವಳನ್ನ ಅಲ್ಲಿಗೂ ಇಲ್ಲಿಗೂ ಚೆಂಡಿನ ಹಾಗೆ ಎಸೆಯೋದು ಮಾತ್ರ ಬೇಡ. ಒಂದು ಮಾತು ಗಟ್ಟಿ ಹೇಳು. ನಾವು ಹೊರಡೋ ಹಿಂದಿನ ದಿನದವರೆಗೂ ಸೀಟು ಬಿಡಲ್ಲ, ಅಷ್ಟು ಮಾಡ್ತೀನಿ."

"ಅಷ್ಟು ಮಾಡು," ಎಂದಳು ಹಬೆಯಮ್ಮ.

ಮಾರನೆಯ ವಾರ ಪಾಳಿ ಮುಗಿಸಿ ಲಾಕರ್ ತೆರೆದಾಗ ಫೋನಿನಲ್ಲಿ ಒಂದು ತಪ್ಪಿದ ಕರೆಯಿತ್ತು. ಮೊಬೈಲಿನದಲ್ಲ, ಯಾವುದೋ ಕಚೇರಿಯ ನಂಬರು. ಶುದ್ಧ ವಿಭಾಗದೊಳಗೆ ಫೋನ್ ಒಯ್ಯುವಂತಿಲ್ಲ; ಒಯ್ದವರನ್ನು ಬೈಯುವವಳೇ ಅವಳು. ಬಟ್ಟೆ ಬದಲಿಸುವ ಕೋಣೆಯಲ್ಲೇ ನಿಂತು ಆ ನಂಬರಿಗೆ ಕರೆ ಮಾಡಿದಳು. ಅತ್ತಲಿಂದ ಹೆಣ್ಣುದನಿ ಹೊಸ ಆಸ್ಪತ್ರೆಯ ಹೆಸರು ಹೇಳಿ, "ಯಾವ ವಿಭಾಗ ಬೇಕು?" ಎಂದು ಕೇಳಿತು.

ಹಬೆಯಮ್ಮನಿಗೆ ದಲ್ಲಾಳಿಯ ಮಾತು ನೆನಪಾಯಿತು. ಏನಿದ್ರೂ ನನ್ನ ಮೂಲಕ, ಎಂದಿದ್ದ ಅವನು.

"ಹಲೋ? ಯಾವ ವಿಭಾಗ ಮೇಡಂ?"

ಅವಳು ಕರೆ ಕತ್ತರಿಸಿದಳು. ತಕ್ಷಣ ಅವನಿಗೆ ಬರೆದಳು: 'ಸರ್, ಆಸ್ಪತ್ರೆಯಿಂದ ಕರೆ ಬಂದಿತ್ತು. ಡ್ಯೂಟಿಯಲ್ಲಿದ್ದೆ. ದಯವಿಟ್ಟು ತಾವೇ ವಿಚಾರಿಸಿ.' ಬಸ್ ನಿಲ್ದಾಣ ಸೇರುವಷ್ಟರಲ್ಲಿ ಉತ್ತರ ಬಂತು. ಹೆಬ್ಬೆರಳು.

ಅದೇ ವಾರ ಆಡಳಿತಾಧಿಕಾರಿ ಅವಳನ್ನು ಮೇಲಕ್ಕೆ ಕರೆಸಿದರು. ಒರಟು ಮನುಷ್ಯ, ಆದರೆ ಕೆಲಸದವರ ಬೆಲೆ ಬಲ್ಲವರು. "ಹೊಸಬಳ ಆರ್ಡರಿಗೆ ನಾನಿನ್ನೂ ಸಹಿ ಹಾಕಿಲ್ಲಮ್ಮ, ತಾತ್ಕಾಲಿಕ ಅಂತ ಇಟ್ಟಿದೀನಿ. ಸೋಮವಾರ ಕಾಯಂ ಮಾಡ್ತೀನಿ. ಮನಸ್ಸು ಬದಲಾಗಿದ್ರೆ ರಾಜೀನಾಮೆ ವಾಪಸ್ ತಗೊಳ್ಳೋಕೆ ಇದೇ ಕಡೇ ಅವಕಾಶ."

"ಹಗಲು ಪಾಳಿ ಕೊಡ್ತೀರಾ ಸರ್?"

"ಅದೊಂದು ಕೇಳ್ಬೇಡ. ನಿಂಗೆ ಕೊಟ್ರೆ ನಾಳೆ ಎಲ್ಲರೂ ಬಂದು ಬಾಗಿಲಲ್ಲಿ ನಿಲ್ತಾರೆ."

"ಹಾಗಾದ್ರೆ ಬೇಡ ಸರ್. ಅಲ್ಲಿ ಎಲ್ಲಾ ಖಚಿತ ಆಗಿದೆ."

"ಮಾತಾಡಿದೀಯಾ ಅವರ ಜೊತೆ?"

"ಸಂಪರ್ಕದಲ್ಲೇ ಇದೀನಿ," ಎಂದಳು. ಹಾಗೆ ಹೇಳುವಾಗ ಬಟ್ಟೆಯ ಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದಳು, ಒಳಗೆ ಸಾಕ್ಷಿ ಇರುವವರ ಹಾಗೆ. ಸೋಮವಾರ ಹೊಸಬಳು ಕಾಯಮಾದಳು. ವಿಭಾಗದ ಎಲ್ಲರಿಗೂ ಕಾಫಿ ತರಿಸಿದಳು.

ಕೊನೆಯ ಶುಕ್ರವಾರ ಹಬೆಯಮ್ಮ ಪ್ರಶ್ನೆಯನ್ನೇ ಕಳಿಸಿದಳು: 'ಸರ್, ಸೇರುವ ದಿನ ಯಾರನ್ನು ಕಾಣಬೇಕು? ಯಾವ ದಾಖಲೆ ತರಬೇಕು?'

ಹೆಬ್ಬೆರಳು ಬಂತು.

ಅವಳು ಅದನ್ನು ನೋಡುತ್ತಾ ಕೂತಳು. ಯಾರನ್ನು ಎಂದರೆ ಹೆಬ್ಬೆರಳು. ಯಾವುದು ಎಂದರೆ ಹೆಬ್ಬೆರಳು. ಗಾಜಿನ ಬಾಗಿಲಾಚೆ, ಶುದ್ಧ ವಿಭಾಗದಲ್ಲಿ ಹೊಸಬಳು, ಆಪರೇಷನ್ ಥಿಯೇಟರಿಗೆ ಹೋಗಬೇಕಿದ್ದ ಗಂಟೊಂದನ್ನು ಹಿಡಿದು, ಟೇಪಿನ ಕಪ್ಪು ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದಳು. ಹಬೆಯಮ್ಮ ಊಟದ ಡಬ್ಬಿ ಮುಚ್ಚಿ, ಮೆಟ್ಟಿಲ ಬಳಿ ಹೋಗಿ, ಮೊದಲ ಬಾರಿಗೆ ಅವನಿಗೆ ಕರೆ ಮಾಡಿದಳು.

ಹಿಂದಿನಿಂದ ವಾಹನಗಳ ಸದ್ದು. "ಹಾಂ, ಹೇಳಿ ಮೇಡಂ."

"ಸರ್, ನಾನು... ಹೊಸ ಆಸ್ಪತ್ರೆ... ಸೋಮವಾರ ಸೇರ್ಬೇಕು."

"ಓಹ್! ಇನ್ನೂ ಸೇರಿಲ್ವಾ ನೀವು? ಮೇಡಂ, ನಾನು ಆ ಏಜೆನ್ಸಿ ಬಿಟ್ಟು ಬಹಳ ದಿನ ಆಯ್ತು. ಈಗ ಕಾರ್ ಶೋರೂಮಲ್ಲಿದೀನಿ."

ಅವಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು. "ಮತ್ತೆ ನನ್ನ ಮೆಸೇಜಿಗೆಲ್ಲ ನೀವು..."

"ಅದು... ಬಂದಿದ್ದಕ್ಕೆಲ್ಲ ಪೂರ್ತಿ ಓದದೆ ಒತ್ತಿಬಿಡ್ತೀನಿ ಮೇಡಂ, ಅಭ್ಯಾಸ. ಉತ್ತರ ಕೊಡ್ದಿದ್ರೆ ಜನ ಬೇಜಾರಾಗ್ತಾರೆ. ನನ್ನ ಜಾಗಕ್ಕೆ ಬಂದೋರು ನಿಮ್ಮ ಜೊತೆ ಮಾತಾಡ್ತಿರ್ತಾರೆ, ನಂಗೂ ಸುಮ್ಮನೆ ಕಳಿಸ್ತಿದೀರಿ ಅನ್ಕೊಂಡೆ."

"ಯಾರೂ ಮಾತಾಡಿಲ್ಲ."

"ಛೆ. ನಾನೊಂದು ಮಾತು ಹೇಳಬೇಕಿತ್ತು. ತಪ್ಪಾಯ್ತು ಮೇಡಂ." ದನಿಯಲ್ಲಿ ನಿಜವಾದ ನೋವಿತ್ತು. ಅದರಿಂದ ಯಾರಿಗೂ ಪ್ರಯೋಜನವಿರಲಿಲ್ಲ.

ಅರ್ಧ ದಿನ ರಜೆ ಕೇಳಿ ಅವಳು ಹೊಸ ಆಸ್ಪತ್ರೆಗೆ ಹೋದಳು. ಗೋಡೆಗಳಿಂದ ಇನ್ನೂ ಬಣ್ಣದ ವಾಸನೆ ಬರುತ್ತಿತ್ತು. ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದಿರಲಿಲ್ಲ. ಎಚ್‌ಆರ್‌ನ ಹೆಂಗಸು ಅವಳಿಗಿಂತ ಚಿಕ್ಕವಳು. ಹಬೆಯಮ್ಮನ ಹೆಸರು ಕೇಳಿದೊಡನೆ ಅವಳ ಮುಖ ಗಂಭೀರವಾಯಿತು. ಕುಡಿಯಲು ನೀರು ಕೊಟ್ಟಳು. ನೀರು ಕೊಟ್ಟ ರೀತಿಯಲ್ಲೇ ಹಬೆಯಮ್ಮನಿಗೆ ಉತ್ತರ ಗೊತ್ತಾಯಿತು.

"ಯಂತ್ರಗಳನ್ನ ಕೂರಿಸುವಾಗ ಕಂಪನಿಯವರು ತರಬೇತಿ ಕೊಡ್ತಾರೆ ಮೇಡಂ. ಮುಖ್ಯಸ್ಥರು ಅದರಲ್ಲಿ ಇರಲೇಬೇಕು, ಆಮೇಲೆ ಅವರು ಮತ್ತೆ ಬರಲ್ಲ. ಒಂದು ದಿನದ ಮಟ್ಟಿಗೆ ನೀವು ಬರೋಕಾಗತ್ತಾ ಅಂತ ಕೇಳೋಕೆ ನಿಮ್ಮ ಏಜೆನ್ಸಿಗೆ ಮೇಲ್ ಹಾಕಿದ್ವಿ. ಉತ್ತರ ಇಲ್ಲ. ಮತ್ತೆ ಹಾಕಿದ್ವಿ."

"ಅವರು ಕೆಲಸ ಬಿಟ್ಟಿದ್ರು. ಮೇಲ್ ಅವರ ಪೆಟ್ಟಿಗೆಯಲ್ಲೇ ಕೂತಿರತ್ತೆ."

"ನಮಗದು ಗೊತ್ತಾಗಲಿಲ್ಲ. ಕೊನೆಗೆ ನಾನೇ ನಿಮಗೆ ಕರೆ ಮಾಡಿದೆ. ನೀವು ಎತ್ತಲಿಲ್ಲ. ಆಪರೇಟರ್ ಹೇಳಿದ್ಲು, ಆ ನಂಬರಿಂದ ಯಾರೋ ಕರೆ ಮಾಡಿ, ಮಾತಾಡದೆ ಇಟ್ರು ಅಂತ."

ಹಬೆಯಮ್ಮ ಲೋಟದೊಳಗೆ ನೋಡಿದಳು.

"ನೋಟಿಸಲ್ಲಿರೋರು ಹೀಗೆ ಮೌನ ಆದ್ರೆ ಹತ್ತರಲ್ಲಿ ಒಂಬತ್ತು ಸಲ ಹಳೇ ಕಡೇನೇ ಉಳ್ಕೊಂಡಿರ್ತಾರೆ. ಹೇಳೋಕೆ ಸಂಕೋಚ ಪಟ್ಟು ತಪ್ಪಿಸ್ಕೊಳ್ತಾರೆ. ನೀವೂ ಹಾಗೇ ಅನ್ಕೊಂಡ್ವಿ. ಸೇರೋದನ್ನ ಖಚಿತಪಡಿಸಬೇಕು ಅಂತ ಆಫರ್ ಲೆಟರಲ್ಲೂ ಇತ್ತು."

"ಖಚಿತಪಡಿಸ್ತಾನೇ ಇದ್ದೆ," ಎಂದು ಅವಳು ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಎಚ್‌ಆರ್ ಹೆಂಗಸು ಮೆಲ್ಲಗೆ ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋದಳು. ಎಷ್ಟು ಅಚ್ಚುಕಟ್ಟಾದ ವಾಕ್ಯಗಳು. ಒಂದೊಂದರ ಕೆಳಗೂ ಒಂದು ಹೆಬ್ಬೆರಳು.

"ಅಯ್ಯೋ ಮೇಡಂ," ಎಂದಳು ಅವಳು, ಆ ಕ್ಷಣಕ್ಕೆ ಎಚ್‌ಆರ್ ಆಗಿರದೆ. "ಇದ್ರಲ್ಲಿ ಒಂದಾದ್ರೂ ನಮಗೆ ಹಾಕಿದ್ರೆ ಸಾಕಿತ್ತಲ್ಲ. ಆಫರ್ ಲೆಟರಿನ ಕೆಳಗೇ ನನ್ನ ನಂಬರ್ ಇದೆ."

ಇತ್ತು. ಅವಳು ಆ ಪತ್ರವನ್ನು ಬಾಯಿಪಾಠವಾಗುವಷ್ಟು ಸಲ ಓದಿದ್ದಳು.

"ತರಬೇತಿಗೆ ಬಂದೋರನ್ನೇ ತಗೊಂಡಾಯ್ತು. ಮುಂದೆ ಪಾಳಿ ಕೆಲಸ ಏನಾದ್ರೂ ಬಂದ್ರೆ..."

"ಪಾಳಿ ಬೇಡ," ಎಂದು ಎದ್ದಳು ಹಬೆಯಮ್ಮ.

ಕೊನೆಯ ದಿನ ಗಂಟಿನಕ್ಕ ಒಂದೂ ಹಾಸ್ಯ ಮಾಡಲಿಲ್ಲ. ಬೀಗದ ಕೈ ಒಪ್ಪಿಸುವಾಗ ಮಾತ್ರ, "ಇಲ್ಲೇ ಏನಾದ್ರೂ ಕೇಳೇ," ಎಂದಳು. ಹಬೆಯಮ್ಮ ಕೇಳಿಯಾಗಿತ್ತು. ಆಡಳಿತಾಧಿಕಾರಿ ಗುತ್ತಿಗೆಯ ಮೇಲೆ ರಾತ್ರಿ ಪಾಳಿ ಒಂದಿದೆ ಎಂದಿದ್ದರು. ಉಪಕರಣ ತೊಳೆಯುವ ಕಡೆ, ಹೊಸಬಳ ಕೈಕೆಳಗೆ. ಒಪ್ಪಿಕೊಂಡು ಬಂದಿದ್ದಳು. ಬಾಡಿಗೆ ಮನೆಯವರು ನೋಟಿಸ್ ಪೀರಿಯಡ್ ನೋಡುವುದಿಲ್ಲವಲ್ಲ.

ಅಕ್ಕನಿಗೆ ಮಾತ್ರ ಅವಳು ಮೆಸೇಜ್ ಹಾಕಲಿಲ್ಲ. ಹೋಗಿ ಬಾಗಿಲಲ್ಲಿ ನಿಂತು ಹೇಳಿದಳು. ಅಕ್ಕ ಅವಳನ್ನು ಒಳಗೆ ಕರೆದು ಕೂರಿಸಿದಳು. ಅವಳ ಮುಖದಲ್ಲಿ ದುಃಖವೂ ಇತ್ತು. ದುಃಖದ ಹಿಂದೆ, ಬಾಗಿಲ ಸಂದಿಯ ಬೆಳಕಿನ ಹಾಗೆ, ಇನ್ನೊಂದೂ ಇತ್ತು. ಹಬೆಯಮ್ಮ ಅದನ್ನು ನೋಡಿದಳು. ನೋಡಬಾರದಿತ್ತು ಎಂದುಕೊಂಡಳು. ಮಗಳು ಪೆಟ್ಟಿಗೆಯಿಂದ ಪೆಟ್ಟಿಗೆಗೆ ನೆಗೆಯುತ್ತಾ, "ನಾವು ರೈಲಲ್ಲಿ ಮಲಗ್ತೀವಂತೆ!" ಎಂದಳು. ನಾವು ಎಂಬುದರಲ್ಲಿ ಯಾರು ಯಾರಿದ್ದಾರೆಂದು ಮಗಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಅವರು ಹೋದ ಮೇಲೆ ಮೊದಮೊದಲು ಅಕ್ಕನಿಂದ ಉದ್ದುದ್ದ ಮೆಸೇಜು ಬರುತ್ತಿತ್ತು. ಶಾಲೆ ಹಿಡಿಸಿದೆ, ಪಕ್ಕದ ಮನೆ ಹುಡುಗಿ ಜೊತೆ ಜಗಳ, ಹಲ್ಲು ಬಿತ್ತು. ಆಮೇಲೆ ಒಂದೊಂದು ಸಾಲು. ಹೊಸ ಊರು, ಹೊಸ ಕೆಲಸಗಳು, ಅಕ್ಕನದೇನು ತಪ್ಪು?

ಒಂದು ಶುಕ್ರವಾರ ಸಂಜೆ, ಪಾಳಿಗೆ ಹೊರಡುವ ಮುಂಚೆ, ಅವಳು ಬರೆದಳು: 'ಪುಟ್ಟಿ ಹೇಗಿದ್ದಾಳೆ? ನನ್ನನ್ನು ಕೇಳುತ್ತಾಳಾ?'

ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನ್ ಸದ್ದು ಮಾಡಿತು. ಹಳದಿ ಹೆಬ್ಬೆರಳು.

ಈ ಸಲ ಅವಳು ಕಾಯಲಿಲ್ಲ. ಒಂದು ಚಪ್ಪಲಿ ಕಾಲಲ್ಲೇ ಇರುವಾಗ ನಂಬರ್ ಒತ್ತಿ ಫೋನನ್ನು ಕಿವಿಗೆ ಬಿಗಿಯಾಗಿ ಹಿಡಿದಳು. ಅತ್ತ ಗಂಟೆ ಹೊಡೆಯಿತು, ಹೊಡೆಯಿತು. ಯಾರೋ ಓಡಿ ಬಂದು ಎತ್ತಿದ ಏದುಸಿರು ಕೇಳಿಸಿತು. ಹಬೆಯಮ್ಮ ಬಾಯಿ ತೆರೆದಳು.

"ಹಲೋ?" ಎಂದಿತು ಮಗಳ ದನಿ. "ಅಮ್ಮ ಬಟ್ಟೆ ಒಣಗಿಸ್ತಿದಾರೆ. ಯಾರು ಮಾತಾಡೋದು?"